ಕೋಳಿ ಬೆಂದಿತ್ತು, ಸೌತೆಕಾಯಿ ಬೆಂದಿರಲಿಲ್ಲ

ಪ್ರಶ್ನೆ: ನಮ್ಮದು ಹಾಸನ. ಅಡುಗೆಗೆ ಬರುವ ಅಕ್ಕ ಆರು ವರ್ಷದಿಂದ ನಮ್ಮ ಮನೆಯಲ್ಲಿದ್ದಾರೆ, ಬಹಳ ಚೊಕ್ಕಟದವರು. ಆದರೂ ಎರಡು ತಿಂಗಳಲ್ಲಿ ಎರಡು ಸಲ ಮನೆಯಲ್ಲಿ ಹೊಟ್ಟೆ ಕೆಟ್ಟಿತು, ಎರಡೂ ಭಾನುವಾರ ಕೋಳಿ ಸಾರು ಮಾಡಿದ ಮೇಲೆ. ಮೊದಲ ಸಲ ಸೋಮವಾರ ಸಂಜೆ ಅತ್ತೆಗೂ ನನಗೂ ಚಳಿಜ್ವರ, ಭೇದಿ. ಅತ್ತೆ ಕೋಳಿ ಮುಟ್ಟುವುದೇ ಇಲ್ಲ. ಅನ್ನ, ತಿಳಿಸಾರು, ಹೆಚ್ಚಿದ ಸೌತೆಕಾಯಿ ಅಷ್ಟೇ ತಿಂದಿದ್ದರು. ಎರಡನೇ ಸಲ, ಉಳಿದ ಸಾರನ್ನು ಸೋಮವಾರ ಬೆಳಗ್ಗೆ ಬಿಸಿ ಮಾಡಿ ರೊಟ್ಟಿಗೆ ಹಾಕಿಕೊಂಡ ನಮ್ಮೆಜಮಾನರಿಗೂ ಮಗನಿಗೂ ರಾತ್ರಿ ಹೊಟ್ಟೆ ನುಲಿತ, ಭೇದಿ. ಜ್ವರ ಇರಲಿಲ್ಲ, ಮಾರನೇ ದಿನ ಸರಿಹೋಯಿತು. ಮನೆಯಲ್ಲಿರುವುದು ಒಂದೇ ಹೆಚ್ಚುವ ಮಣೆ. ಕೋಳಿಯೇ ಹಾಳಾಗಿತ್ತೇ? ಅಕ್ಕನಿಗೆ ಬೇಜಾರಾಗದ ಹಾಗೆ ಏನು ಹೇಳಲಿ, ಹೇಗೆ ಹೇಳಲಿ?

ಉತ್ತರ: ಕೋಳಿ ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನೀವು ಒಂದೇ ಎಂದುಕೊಂಡಿರುವ ಈ ಎರಡು ಘಟನೆಗಳು ಒಂದೇ ಅಲ್ಲ. ಕಾರಣ ಬೇರೆ, ಕ್ರಿಮಿ ಬೇರೆ, ಅಕ್ಕನಿಗೆ ಹೇಳಬೇಕಾದ ಮಾತೂ ಬೇರೆ. ಮಲ ಪರೀಕ್ಷೆ ಆಗಿಲ್ಲದ್ದರಿಂದ ಇದೇ ಕ್ರಿಮಿ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಯಾರು ಏನು ತಿಂದರು, ಎಷ್ಟು ಹೊತ್ತಿಗೆ ಕಾಯಿಲೆ ಬಿದ್ದರು ಎಂಬ ಎರಡು ಸಂಗತಿ ಗೊತ್ತಾದರೆ ಮುಕ್ಕಾಲು ಪಾಲು ಬಿಡಿಸಬಹುದು, ಆ ಎರಡನ್ನೂ ನೀವೇ ಬರೆದಿದ್ದೀರಿ.

ಮೊದಲನೆಯದನ್ನು ನೋಡೋಣ. ಮಧ್ಯಾಹ್ನ ಊಟ, ಮಾರನೇ ದಿನ ಸಂಜೆ ಜ್ವರ. ನಡುವೆ ಸುಮಾರು ಇಪ್ಪತ್ತೆಂಟು, ಮೂವತ್ತು ಗಂಟೆ. ಕೋಳಿಯ ಕರುಳಲ್ಲಿ ವಾಸ ಮಾಡುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೀಗೆ ಅರ್ಧ ದಿನದಿಂದ ಮೂರು ದಿನದೊಳಗೆ ಜ್ವರದ ಜೊತೆ ಭೇದಿ ತರಿಸುತ್ತದೆ. ಅದರ ಜೊತೆಗಾರ ಕ್ಯಾಂಪಿಲೋಬ್ಯಾಕ್ಟರ್ ಸ್ವಲ್ಪ ನಿಧಾನ, ಎರಡರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಎರಡೂ ಕುದಿಯುವ ಸಾರಿನಲ್ಲಿ ಬದುಕುವುದಿಲ್ಲ. ತುಂಡಿನ ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಕು, ಸಾಯುತ್ತವೆ. ನಮ್ಮ ಕಡೆ ನಾಟಿ ಕೋಳಿಯನ್ನು ಬೇಯಿಸುವ ರೀತಿಗೆ ಅವು ಉಳಿಯುವ ಮಾತೇ ಇಲ್ಲ. ಅದಕ್ಕೇ ಸಾರು ತಿಂದ ನಿಮ್ಮೆಜಮಾನರು ಆ ಸಲ ಗಟ್ಟಿಯಾಗಿದ್ದರು, ಕೋಳಿ ಮುಟ್ಟದ ಅತ್ತೆ ಮಲಗಿದರು. ಕೋಳಿ ಬೆಂದಿತ್ತು. ಸೌತೆಕಾಯಿ ಬೆಂದಿರಲಿಲ್ಲ. ಹಸಿ ಕೋಳಿಯ ಮೇಲಿದ್ದದ್ದು ಹೇಗೋ ಸೌತೆಕಾಯಿಗೆ ದಾಟಿತು. ದಾಟಿಸಿದ್ದು ಮಣೆ, ಇಲ್ಲ ಚಾಕು, ಇಲ್ಲ ಕೈ.

ಹೇಗೆ ದಾಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದು ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಅಡುಗೆಮನೆಯಲ್ಲಿ. ಅಡುಗೆಯವರಿಗೆ ಪಾಠ ಹೇಳಿಕೊಡಿ ಎಂದು ಕರೆದಿದ್ದರು. ಪಾಠ ಆಮೇಲೆ, ಮೊದಲು ಸುಮ್ಮನೆ ನೋಡುತ್ತೇನೆ ಎಂದು ಮೂಲೆಯಲ್ಲಿ ಸ್ಟೂಲು ಹಾಕಿ ಕೂತೆ. ಅಡುಗೆಯ ಹೆಂಗಸು ಬಹಳ ಚೊಕ್ಕಟ, ನಿಮ್ಮ ಅಕ್ಕನ ಹಾಗೇ. ಕಪ್ಪು ಕವರಿನಿಂದ ಕೋಳಿ ತೆಗೆದು ದೊಡ್ಡ ತುಂಡುಗಳನ್ನು ಮಣೆ ಮೇಲಿಟ್ಟು ಸಣ್ಣಗೆ ಕತ್ತರಿಸಿದರು. ಆ ಕೈಯಲ್ಲೇ ಉಪ್ಪಿನ ಡಬ್ಬಿ, ಅರಿಶಿನದ ಡಬ್ಬಿ ತೆರೆದರು. ಕೋಳಿಯನ್ನು ಜೋರು ನಲ್ಲಿ ಕೆಳಗೆ ಹಿಡಿದು ತೊಳೆದರು. ಪಕ್ಕದ ಬುಟ್ಟಿಯಲ್ಲಿ ತೊಳೆದಿಟ್ಟ ತಟ್ಟೆಗಳ ಮೇಲೆ ಹನಿ ಹಾರಿದ್ದನ್ನು ಅವರು ನೋಡಲಿಲ್ಲ. ಮೊಬೈಲ್ ಬಡಕೊಂಡಿತು, ಸೆರಗಿಗೆ ಕೈ ಒರೆಸಿ ಎತ್ತಿಕೊಂಡರು. ಮಣೆಗೆ ಎರಡು ಚೊಂಬು ನೀರು ಸುರಿದು, ಮಸಿಬಟ್ಟೆಯಲ್ಲಿ ಒರೆಸಿ, ಅದರ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರು. ಕೊನೆಗೆ ಅದೇ ಮಸಿಬಟ್ಟೆಯಲ್ಲಿ ಊಟದ ತಟ್ಟೆಗಳನ್ನು ಒರೆಸಿ ಜೋಡಿಸಿದರು. ಎಲ್ಲವೂ ಕಣ್ಣಿಗೆ ಫಳಫಳ. ಕೊಳೆ ಕಾಣುವ ಕಡೆ ಅವರು ಒಂದು ಚುಕ್ಕೆಯನ್ನೂ ಬಿಟ್ಟಿರಲಿಲ್ಲ. ಇದು ಕಾಣುವ ಕೊಳೆಯಲ್ಲ, ಅದೇ ತೊಂದರೆ. ಕ್ಯಾಂಪಿಲೋಬ್ಯಾಕ್ಟರ್ ಆದರೆ ಕೆಲವು ನೂರು ಜೀವಕಣ ಹೊಟ್ಟೆಗೆ ಹೋದರೆ ಸಾಕು, ಕಾಯಿಲೆ ಬೀಳಿಸಬಲ್ಲದು. ಕೋಳಿ ನೀರಿನ ಒಂದು ಹನಿಯಲ್ಲಿ ಅಷ್ಟು ಇರಬಹುದು.

ಅಕ್ಕನಿಗೆ ಹೇಳುವಾಗ ಮೊದಲು ಬರುವ ಮಾತು ಬಹುಶಃ ಇದು: "ನಮ್ಮನೇಲೂ ಒಂದೇ ಈಳಿಗೆ ಕಣಮ್ಮ, ಯಾರ್ಗೂ ಏನೂ ಆಗಿಲ್ಲ." ಆ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸತ್ಯವಿದೆ. ಒಂದೇ ಈಳಿಗೆಯಲ್ಲಿ ಕೋಳಿಯನ್ನೂ ಈರುಳ್ಳಿಯನ್ನೂ ಹೆಚ್ಚಿದರೂ ಎಲ್ಲವೂ ಒಂದೇ ಪಾತ್ರೆಗೆ ಹೋಗಿ ಕುದಿದರೆ ಹೊಟ್ಟೆಗೆ ಏನೂ ಆಗುವುದಿಲ್ಲ. ಊಟದ ಪಕ್ಕಕ್ಕೆ ಹಸಿ ಸೌತೆಕಾಯಿ, ಹಸಿ ಈರುಳ್ಳಿ, ಕೋಸಂಬರಿ ಬಂದಾಗ ಮಾತ್ರ ಆ ಈಳಿಗೆ ಅಪಾಯ. ಹಾಗಾಗಿ "ನಿಮ್ದು ತಪ್ಪು" ಎನ್ನುವುದಕ್ಕಿಂತ "ಹಸಿ ತಿನ್ನೋದು ಇದ್ದಾಗ ಮಾತ್ರ ಇದು ಬೇಕು ಕಣಕ್ಕ" ಎಂದರೆ ಅವರಿಗೆ ಕಾರಣವೂ ಸಿಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಈಗ ಮಣೆಯ ವಿಷಯ. ಎರಡು ಮಣೆ ತನ್ನಿ, ಸರಿ. ಆದರೆ ಮಣೆಗಿಂತ ಮುಖ್ಯವಾದದ್ದು ಕೆಲಸದ ಸರದಿ, ಅದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಹಸಿಯಾಗಿ ತಿನ್ನುವುದನ್ನೆಲ್ಲ ಮೊದಲು ಹೆಚ್ಚಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟುಬಿಡಬೇಕು. ಒಗ್ಗರಣೆಗೆ ಬೇಕಾದ ಈರುಳ್ಳಿ, ಟೊಮೆಟೊ ಆಮೇಲೆ. ಕೋಳಿ ಕಟ್ಟಕಡೆಗೆ. ಹಾಗೆ ಮಾಡಿದರೆ ಕರೆಂಟು ಹೋಗಲಿ, ನೆಂಟರು ಬರಲಿ, ಗಡಿಬಿಡಿಯಲ್ಲಿ ಮಣೆ ಅದಲುಬದಲಾಗಲಿ, ಸೌತೆಕಾಯಿ ಆಗಲೇ ಸುರಕ್ಷಿತ ಜಾಗದಲ್ಲಿರುತ್ತದೆ. ಮನೆಮನೆಗಳಲ್ಲಿ ನಾನು ನೋಡಿದಂತೆ, ಎರಡು ಮಣೆ ಇದ್ದೂ ಸರದಿ ತಪ್ಪಿದ ಅಡುಗೆಮನೆಗಿಂತ ಒಂದೇ ಮಣೆಯಲ್ಲಿ ಸರದಿ ತಪ್ಪದ ಅಡುಗೆಮನೆ ಎಷ್ಟೋ ವಾಸಿ.

ಮಣೆಗೆ ಗುರುತು ಹಾಕುವಾಗ ಅಕ್ಷರ ಬರೆಯಬೇಡಿ. ಓದು ಬರದವರಿಗೆ ಅದೊಂದು ಮುಜುಗರ, ಬರುವವರಿಗೂ ಎಂಟು ದಿನಕ್ಕೆ ಅಳಿಸಿಹೋಗುತ್ತದೆ. ಹೋಟೆಲುಗಳಲ್ಲಿ ಹಸಿ ಮಾಂಸಕ್ಕೆ ಕೆಂಪು, ತರಕಾರಿಗೆ ಹಸಿರು ಎಂದು ಬಣ್ಣ ಕಟ್ಟಿದ್ದಾರೆ. ಮನೆಯಲ್ಲೂ ಅದೇ ಇರಲಿ. ಕೆಂಪು ಮಣೆ ಸಿಗದಿದ್ದರೆ ಮಣೆಯ ತೂತಿಗೆ ಕೆಂಪು ದಾರ ಕಟ್ಟಿ, ಚಾಕುವಿನ ಹಿಡಿಗೂ ಕಟ್ಟಿ. ಮಣೆ ಬೇರೆ ಮಾಡಿ ಚಾಕು ಒಂದೇ ಇಟ್ಟುಕೊಳ್ಳುವ ಮನೆಗಳೇ ಹೆಚ್ಚು, ಇದನ್ನು ಮರೆಯಬೇಡಿ. ಎರಡನ್ನೂ ಒಂದೇ ಮೊಳೆಗೆ ತೂಗುಹಾಕದೆ ಅಡುಗೆಮನೆಯ ಎದುರುಬದುರು ಗೋಡೆಗೆ ತೂಗುಹಾಕಿ, ಕೈ ತಾನಾಗಿ ಕಲಿಯುತ್ತದೆ. ಅಕ್ಕನಿಗೆ ಮಣೆಗಿಂತ ಈಳಿಗೆಯೇ ಒಗ್ಗುವುದಾದರೆ ತರಕಾರಿಗೆ ಈಳಿಗೆ, ಕೋಳಿಗೆ ಮಣೆ ಎಂದು ಹಂಚಿಬಿಡಿ. ಈಳಿಗೆಯ ಕಬ್ಬಿಣ ಹಲಗೆಗೆ ಕೂಡುವ ಸಂದಿಯಲ್ಲಿ ಮಾಂಸದ ಎಳೆ ಸಿಕ್ಕಿಕೊಂಡರೆ ಯಾವ ನಾರೂ ಅಲ್ಲಿಗೆ ಹೋಗುವುದಿಲ್ಲ.

ಮರದ ಮಣೆಯೋ ಪ್ಲಾಸ್ಟಿಕ್ಕೋ ಎಂದು ಬಹಳ ಜನ ಕೇಳುತ್ತಾರೆ. ಹಾಸನದ ಬಿಸಿಲಲ್ಲಿ ಮರದ ಮಣೆ ಚೆನ್ನಾಗಿಯೇ ಒಣಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಮಣೆ ಎಲ್ಲಿ ಒಣಗೀತು? ಒಂದು ತಿಂಗಳಲ್ಲಿ ಕಪ್ಪು ಬೂಷ್ಟು ಕೂರುತ್ತದೆ. ಅಲ್ಲಿ ಕೋಳಿಗೆ ಪ್ಲಾಸ್ಟಿಕ್ಕೇ ಇರಲಿ. ಯಾವುದೇ ಆದರೂ ಉಗುರಿನಿಂದ ಅಡ್ಡಡ್ಡ ಗೀರಿ ನೋಡಿ. ಚಾಕುವಿನ ಗಾಯದಲ್ಲಿ ಉಗುರು ಸಿಕ್ಕಿಕೊಂಡರೆ ಆ ಮಣೆಯ ಕಾಲ ಮುಗಿಯಿತು.

ತೊಳೆಯುವುದರಲ್ಲೂ ಒಂದು ಕ್ರಮವಿದೆ. ಕೋಳಿ ಮಣೆಗೆ ಮೊದಲೇ ಕುದಿನೀರು ಸುರಿದರೆ ಮೇಲಿರುವ ರಕ್ತ, ರಸ ಮೊಟ್ಟೆ ಬೆಂದ ಹಾಗೆ ಬೆಂದು ಗೀರುಗಳಲ್ಲಿ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ನಿಧಾನಕ್ಕೆ ತೊಳೆಯಬೇಕು, ಆಮೇಲೆ ಪಾತ್ರೆ ಸೋಪು ಹಾಕಿ ಎರಡೂ ಬದಿ ಉಜ್ಜಬೇಕು, ಕೊನೆಗೆ ಕುದಿನೀರು ಸುರಿದು ಗೋಡೆಗೆ ಆನಿಸಿ ನಿಲ್ಲಿಸಬೇಕು. ಒರೆಸುವುದು ಬೇಡ, ತಾನಾಗಿ ಒಣಗಲಿ. ಕುದಿನೀರು ತಡೆಯದ ತೆಳು ಪ್ಲಾಸ್ಟಿಕ್ ಮಣೆಯಾದರೆ, ಸೋಪಿನಲ್ಲಿ ತೊಳೆದ ಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸುಗಂಧ ಬೆರೆಸದ ಬ್ಲೀಚ್ ದ್ರಾವಣ ಬೆರೆಸಿ ಮೇಲೆ ಸವರಿ, ಕೆಲವು ನಿಮಿಷ ಬಿಟ್ಟು ನೀರಲ್ಲಿ ಜಾಲಿಸಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ, ನಿಂಬೆಹುಳಿಯ ಜೊತೆ ಸೇರಿಸಲೇಬಾರದು, ಕ್ಲೋರಿನ್ ಅನಿಲ ಬಂದು ಉಸಿರು ಕಟ್ಟುತ್ತದೆ. ಅಕ್ಕನಿಗೆ ಇದನ್ನು ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಬಾಟಲಿಯನ್ನು ಬಚ್ಚಲುಮನೆ ಸಾಮಾನಿನಿಂದ ದೂರ ಇಡಿ.

ಕೋಳಿ ತೊಳೆಯುವುದೇ ಬೇಡ ಎಂದು ಪುಸ್ತಕ ಹೇಳುತ್ತದೆ. ತೊಳೆದರೆ ಕ್ರಿಮಿ ಹೋಗುವುದಿಲ್ಲ, ಹನಿಯಾಗಿ ಸುತ್ತ ಹಾರುತ್ತದೆ. ಪುಸ್ತಕ ಹೇಳುವುದು ಸರಿಯೇ. ಆದರೆ ಪುಕ್ಕ ಸುಟ್ಟು, ಅರಿಶಿನ ಸವರಿ ತಂದ ನಾಟಿ ಕೋಳಿಯನ್ನು ತೊಳೆಯದೆ ಒಲೆಗೆ ಹಾಕಿ ಎಂದು ನಮ್ಮೂರ ಅಡುಗೆಯವರಿಗೆ ಹೇಳಿ ನೋಡಿ! ನಾನು ಹೇಳಿ ಸೋತಿದ್ದೇನೆ. ಅದಕ್ಕೇ ಈಗ ಹೀಗೆ ಹೇಳುತ್ತೇನೆ: ನಲ್ಲಿ ಕೆಳಗೆ ಬೇಡ. ಆಳವಾದ ಪಾತ್ರೆಗೆ ಮೊದಲು ನೀರು ತುಂಬಿ, ಕೋಳಿಯನ್ನು ಅದರೊಳಗೆ ಮುಳುಗಿಸಿ, ನೀರೊಳಗೇ ಕೈಯಾಡಿಸಿ ತೊಳೆಯಿರಿ. ನೀರನ್ನು ಸಿಂಕಿನ ತೂತಿನ ಹತ್ತಿರಕ್ಕೇ ಬಗ್ಗಿಸಿ ಮೆಲ್ಲಗೆ ಚೆಲ್ಲಿ. ಅದಕ್ಕೂ ಮುಂಚೆ ತೊಳೆದ ಪಾತ್ರೆಗಳ ಬುಟ್ಟಿ ಸಿಂಕಿನ ಪಕ್ಕದಿಂದ ಎದ್ದಿರಬೇಕು. ಕೋಳಿ ಒಲೆ ಮೇಲೆ ಹೋದ ಮೇಲೆ ಸಿಂಕನ್ನೂ ಸೋಪು ಹಾಕಿ ಉಜ್ಜಬೇಕು. ಸೊಪ್ಪು ತೊಳೆಯುವುದೂ ಅದೇ ಸಿಂಕಿನಲ್ಲಿ ತಾನೇ.

ಇನ್ನು ಕೈ. "ಕೈ ತೊಳ್ಕೊಳ್ಳಿ" ಎಂದರೆ ಯಾರಿಗಾದರೂ ಬೇಜಾರಾಗುತ್ತದೆ, ಅದು ಮಗುವಿಗೆ ಹೇಳುವ ಮಾತು. ಹೇಳುವ ಬದಲು ತೋರಿಸಿ, ಅದೂ ಇಬ್ಬರೂ ಒಟ್ಟಿಗೆ ಕೂತು. ಅರ್ಧ ಚಮಚ ಅರಿಶಿನಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ನೀವೂ ಅಕ್ಕನೂ ಎರಡೂ ಕೈಗೆ ಸವರಿಕೊಳ್ಳಿ. ಆಮೇಲೆ ದಿನವೂ ಹೇಗೆ ತೊಳೆಯುತ್ತೀರೋ ಹಾಗೇ, ಬಾರ್ ಸೋಪಿನಲ್ಲಿ ತೊಳೆಯಿರಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುತ್ತದಲ್ಲ, ಸೋಪಿನ ಕ್ಷಾರಕ್ಕೂ ಹಾಗೇ ಆಗುತ್ತದೆ. ಸೋಪು ತಾಗಿದ ಕಡೆ ಬಣ್ಣ ಕೆಂಪಿಗೆ ತಿರುಗುತ್ತದೆ, ತಾಗದ ಕಡೆ ಹಳದಿಯೇ ಉಳಿಯುತ್ತದೆ. ನೊರೆ ಇರುವಾಗಲೇ ಕೈ ನೋಡಿಕೊಳ್ಳಿ. ಹೆಬ್ಬೆರಳಿನ ಬುಡ, ಉಗುರಿನ ಸಂದಿ, ಬೆರಳುಗಳ ನಡುವೆ, ಬಳೆಯ ಕೆಳಗೆ ಹಳದಿ ಕಾಣುತ್ತದೆ, ನಿಮ್ಮ ಕೈಯಲ್ಲೂ! ನನ್ನ ಕೈಯಲ್ಲೂ ಮೊದಲ ಸಲ ಉಂಗುರದ ಸುತ್ತ ಕಂಡಿತ್ತು. ದ್ರವರೂಪದ ಹ್ಯಾಂಡ್‌ವಾಶ್ ಕೆಲವಕ್ಕೆ ಕ್ಷಾರ ಕಡಿಮೆ, ಅದರಲ್ಲಿ ಬಣ್ಣ ತಿರುಗುವುದಿಲ್ಲ, ಅದಕ್ಕೇ ಬಾರ್ ಸೋಪು ಎಂದದ್ದು. ಚರ್ಮಕ್ಕೆ ಹಿಡಿದ ತೆಳು ಕಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಎರಡು ದಿನ ಇದ್ದೇ ಇರುತ್ತದೆ.

ಹಳದಿ ಕಂಡ ಜಾಗಗಳೇ ಪಾಠ. ಬಳೆಯನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಸೋಪು ಹಚ್ಚಿ, ನೀರು ಹಾಕದೆ ಒಂದರಿಂದ ಇಪ್ಪತ್ತರವರೆಗೆ ನಿಧಾನಕ್ಕೆ ಎಣಿಸುವಷ್ಟು ಹೊತ್ತು ಉಜ್ಜಬೇಕು. ಅಂಗೈಗೆ ಬೆರಳ ತುದಿ ಗೀರಿ ಉಗುರು ತೊಳೆಯಬೇಕು, ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಬೇಕು. ಬಿಸಿನೀರೇ ಬೇಕೆಂದಿಲ್ಲ, ಕೆಲಸ ಮಾಡುವುದು ಸೋಪು ಮತ್ತು ಉಜ್ಜುವುದು. ಡಿಸೆಂಬರ್ ಬೆಳಗಿನ ಚಿಕ್ಕಮಗಳೂರು ನೀರಿನಲ್ಲಿ ಇಪ್ಪತ್ತು ಎಣಿಸು ಎಂದರೆ ಅದು ಶಿಕ್ಷೆ, ಒಂದು ಚೊಂಬು ಉಗುರುಬೆಚ್ಚನೆ ನೀರು ಇಟ್ಟುಕೊಡಿ. ಸ್ಯಾನಿಟೈಸರ್ ಇಲ್ಲಿ ನಡೆಯುವುದಿಲ್ಲ. ಕೈಯಲ್ಲಿ ಜಿಡ್ಡು, ರಸ ಇದ್ದರೆ ಅದು ಕೆಳಗೆ ಇಳಿಯುವುದೇ ಇಲ್ಲ.

ನಲ್ಲಿಯನ್ನು ಯಾರೂ ನೆನೆಯುವುದಿಲ್ಲ. ಕೋಳಿ ಕೈಯಲ್ಲಿ ನಲ್ಲಿ ತಿರುಗಿಸುತ್ತೇವೆ, ಕೈ ತೊಳೆಯುತ್ತೇವೆ, ಶುದ್ಧವಾದ ಕೈಯಲ್ಲಿ ಅದೇ ನಲ್ಲಿ ನಿಲ್ಲಿಸುತ್ತೇವೆ. ಸೋಪು ಹಚ್ಚಿದ ಕೈಯಲ್ಲೇ ನಲ್ಲಿಯ ತಿರುಪಿಗೂ ನೊರೆ ಸವರಿ, ಅದಕ್ಕೂ ನೀರು ಹಾಕಿದರೆ ಮುಗಿಯಿತು. ಉಪ್ಪಿನ ಡಬ್ಬಿಗೂ ಇದೇ ಕಥೆ. ಕೋಳಿ ಮುಟ್ಟುವ ಮೊದಲೇ ಬೇಕಾದಷ್ಟು ಉಪ್ಪು, ಅರಿಶಿನವನ್ನು ಸಣ್ಣ ಬಟ್ಟಲಿಗೆ ತೆಗೆದಿಟ್ಟುಕೊಂಡರೆ ಡಬ್ಬಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಬಟ್ಟಲಲ್ಲಿ ಉಳಿದದ್ದನ್ನು ವಾಪಸ್ ಡಬ್ಬಿಗೆ ಹಾಕದೆ ಸಾರಿಗೇ ಹಾಕಿ.

ಕೈ ಒರೆಸಲು ಬೇರೆ ಟವೆಲ್ ಕೊಡಿ. ಒದ್ದೆ ಕೈ ಒಣ ಕೈಗಿಂತ ಹೆಚ್ಚು ಕ್ರಿಮಿ ಅಂಟಿಸುತ್ತದೆ, ಹಾಗಾಗಿ ಒರೆಸಲೇಬೇಕು. ಆದರೆ ಒರೆಸಲು ಏನೂ ಇಲ್ಲದಿದ್ದರೆ ಸೆರಗೇ ಟವೆಲ್. ದಿನಕ್ಕೊಂದರಂತೆ ಏಳು ಸಣ್ಣ ಟವೆಲ್ ಇಡಿ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಇಳಿಸುವುದಕ್ಕೆ ಮಾತ್ರ ಇರಲಿ. ಇದು ನೀವು ಕೊಂಡುಕೊಡಬೇಕಾದ ಸಾಮಾನು, ಅವರಿಗೆ ಹೇಳಬೇಕಾದ ಬುದ್ಧಿಮಾತಲ್ಲ. ಕೈಗೆ ಗಾಯವಾದರೆ ಬ್ಯಾಂಡೇಜ್ ಮೇಲೆ ಕೈಗವಸು ಕೊಡಿ. ಗಾಯದ ಕೀವಿನಲ್ಲಿರುವ ಸ್ಟ್ಯಾಫಿಲೋಕಾಕಸ್ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಅವರಿಗೇ ವಾಂತಿಭೇದಿ ಆದರೆ, ನಿಂತ ಮೇಲೂ ಎರಡು ದಿನ ಅಡುಗೆಗೆ ಬರಬಾರದು. ಆ ದಿನಗಳ ಸಂಬಳ ಹಿಡಿಯುವ ಮನೆಗೆ ಯಾವ ಅಕ್ಕನೂ "ನಂಗೆ ಭೇದಿ ಆಗ್ತಿದೆ" ಎಂದು ನಿಜ ಹೇಳುವುದಿಲ್ಲ. ಸಂಬಳ ಹಿಡಿಯಬೇಡಿ.

ನಿಮ್ಮ ಎರಡನೇ ಘಟನೆಗೆ ಬರೋಣ. ಜ್ವರವಿಲ್ಲ, ವಾಂತಿಯಿಲ್ಲ, ಬೆಳಗ್ಗೆ ತಿಂದದ್ದಕ್ಕೆ ರಾತ್ರಿ ನುಲಿತ, ಒಂದೇ ದಿನಕ್ಕೆ ವಾಸಿ. ಇದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬುದರ ನಡೆ, ದೊಡ್ಡ ಪಾತ್ರೆಯ ಮಾಂಸದ ಸಾರು ಅದರ ಇಷ್ಟದ ಜಾಗ. ಇದಕ್ಕೂ ಮಣೆಗೂ ಸಂಬಂಧವಿಲ್ಲ. ಇದು ಗಟ್ಟಿ ಕವಚದ ಬೀಜಕವಾಗಿ ಮಾಂಸದಲ್ಲಿ ಇರುತ್ತದೆ, ಕುದಿಸಿದರೂ ಬೀಜಕ ಸಾಯುವುದಿಲ್ಲ. ಕುದಿಯುವಾಗ ಮಿಕ್ಕ ಕ್ರಿಮಿಗಳೆಲ್ಲ ಸತ್ತು ಜಾಗ ಖಾಲಿಯಾಗುತ್ತದೆ. ಸಾರು ನಿಧಾನಕ್ಕೆ ಆರುತ್ತಾ ನಲವತ್ತು ಚಿಲ್ಲರೆ ಡಿಗ್ರಿಗೆ ಬಂದಾಗ ಬೀಜಕ ಮೊಳೆತು ವೇಗವಾಗಿ ಹೆಚ್ಚುತ್ತದೆ. ಐದು ಲೀಟರ್ ಪಾತ್ರೆ, ಮೇಲೆ ಮುಚ್ಚಳ, ಕೆಳಗೆ ಇನ್ನೂ ಬಿಸಿಯಿರುವ ಒಲೆ ಎಂದರೆ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಆ ಬೆಚ್ಚಗೇ ಇರುತ್ತದೆ. "ಚಳೀಲಿ ಏನೂ ಆಗಲ್ಲ" ಎಂದು ಹೊರಗೇ ಬಿಡುತ್ತಾರೆ. ನಮ್ಮ ಜಿಲ್ಲೆಯ ಚಳಿಗಾಲದ ರಾತ್ರಿಯೂ ಹದಿನಾಲ್ಕು ಹದಿನೈದು ಡಿಗ್ರಿಯ ಆಸುಪಾಸು ತಾನೇ. 5 ಡಿಗ್ರಿಗಿಂತ ಮೇಲೆ, 60ಕ್ಕಿಂತ ಕೆಳಗೆ ಇರುವ ಬೆಂದ ಆಹಾರ ಕ್ರಿಮಿಗೆ ಸಿಕ್ಕ ಆಹಾರವೇ. ಮಾರನೇ ದಿನದ ಸಾರಿಗೆ ರುಚಿ ಜಾಸ್ತಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ರುಚಿ ಫ್ರಿಜ್ಜಿನಲ್ಲೂ ಬರುತ್ತದೆ.

ಅಕ್ಕ ಮಧ್ಯಾಹ್ನ ಎರಡಕ್ಕೆ ಹೊರಡುತ್ತಾರೆ ಎಂದುಕೊಳ್ಳೋಣ. ಹೊರಡುವ ಮುಂಚೆ ಉಳಿದ ಸಾರನ್ನು ಅಗಲ ಪಾತ್ರೆಗಳಿಗೆ ಬಗ್ಗಿಸಬೇಕು, ಮೂರು ಬೆರಳಿಗಿಂತ ಎತ್ತರ ಬರಬಾರದು. ಆ ಪಾತ್ರೆಗಳನ್ನು ತಣ್ಣೀರು ತುಂಬಿದ ದೊಡ್ಡ ತಟ್ಟೆಯಲ್ಲೋ ಸಿಂಕಿನಲ್ಲೋ ಇಟ್ಟು ಆಗಾಗ ಸೌಟಾಡಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬರಿಗೈಯಲ್ಲಿ ಹಿಡಿಯುವಷ್ಟು ಆರುತ್ತದೆ. ಆಗ ಮುಚ್ಚಿ ಫ್ರಿಜ್ಜಿಗೆ. ಒಲೆ ಆರಿಸಿದ ಎರಡು ಗಂಟೆಯೊಳಗೆ ಇಷ್ಟು ಆಗಬೇಕು. ಇದು ಅವರ ಕೆಲಸದ ಹೊತ್ತಿನ ಆಚೆಗೆ ಬಂದರೆ ನಿಮ್ಮ ಕೆಲಸ. ಪಾತ್ರೆಗೆ ಬಗ್ಗಿಸಿಟ್ಟು ಅವರು ಹೊರಡಲಿ, ಫ್ರಿಜ್ಜಿಗೆ ಇಡುವುದು ಮನೆಯವರು ಯಾರಾದರೂ. ಮಾರನೇ ದಿನ ಬೇಕಾದಷ್ಟನ್ನೇ ತೆಗೆದು, ಬರೀ ಬೆಚ್ಚಗೆ ಮಾಡದೆ ಚೆನ್ನಾಗಿ ಕುದಿ ಬರಿಸಿ. ಮೂರು ದಿನ ದಾಟಿದ್ದನ್ನು ಚೆಲ್ಲಿ. ಮನೆಯವರಿಗೆ ಬೇಡವಾದ ಸಾರನ್ನು ಡಬ್ಬಿಗೆ ಹಾಕಿ ಅಕ್ಕನಿಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಕೊಡುವುದಾದರೆ ಆವತ್ತೇ, ನೀವು ತಿನ್ನುವಾಗಲೇ ಕೊಡಿ. ಅವರ ಮನೆಯಲ್ಲಿ ಫ್ರಿಜ್ ಇದೆಯೇ ಎಂದೂ ಕೇಳಿಕೊಳ್ಳಿ.

ಅನ್ನಕ್ಕೂ ಇದೇ ನಿಯಮ, ಇನ್ನೂ ಬಿಗಿಯಾಗಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬುದೂ ಬೀಜಕದ ಜಾತಿ. ಹೊರಗಿಟ್ಟ ಅನ್ನದಲ್ಲಿ ಅದು ಬಿಡುವ ವಾಂತಿಯ ವಿಷ ಚಿತ್ರಾನ್ನದ ಒಗ್ಗರಣೆಗೆ ಬಗ್ಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅನ್ನದ ಮೇಲೆ ಮೊದಲು ಅನುಮಾನ ಪಡಿ.

ಫ್ರಿಜ್ಜಿನೊಳಗೆ ಹಸಿ ಕೋಳಿಯ ಜಾಗ ಎಲ್ಲಕ್ಕಿಂತ ಕೆಳಗಿನ ತಟ್ಟು, ಅದೂ ಅಂಗಡಿಯ ಕಪ್ಪು ಕವರಿನಲ್ಲಲ್ಲ. ಆ ಕವರು ಸೋರುತ್ತದೆ, ಸೋರಿದ್ದು ಕೆಳಗಿನ ಕೊತ್ತಂಬರಿಗೆ ಇಳಿಯುತ್ತದೆ. ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಇದಕ್ಕೆಂದೇ ಇರಲಿ, ಅದಕ್ಕೂ ಕೆಂಪು ದಾರ ಕಟ್ಟಿ. ಎರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಫ್ರೀಜರಿಗೆ ಹಾಕಿ. ಫ್ರೀಜರಿನ ಕೋಳಿ ಕರಗಬೇಕಾದರೆ ಹಿಂದಿನ ರಾತ್ರಿ ಕೆಳತಟ್ಟಿಗೆ ಇಳಿಸಿ, ಕಟ್ಟೆ ಮೇಲಲ್ಲ. ಫ್ರಿಜ್ಜಿನ ತಿರುಪಿನಲ್ಲಿರುವ 1, 2, 3 ಡಿಗ್ರಿಯಲ್ಲ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಒಳಗಿಟ್ಟು ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ನೋಡಿ, 5 ಅಥವಾ ಕಡಿಮೆ ತೋರಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ದಿನವಿಡೀ ಕರೆಂಟಿಲ್ಲದಿರುವುದು ಮಲೆನಾಡಿಗೆ ಹೊಸದಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ. ನೀವು ಊರಲ್ಲಿ ಇಲ್ಲದಾಗ ಕರೆಂಟು ಹೋಗಿ ಬಂದಿತೋ ಎಂದು ತಿಳಿಯಲು ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳಕ್ಕಿಳಿದಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆ ಕೋಳಿ ಬೇಡ.

ಅಕ್ಕನಿಗೆ ಇಷ್ಟನ್ನೂ ಒಂದೇ ದಿನ ಹೇಳಲು ಹೋಗಬೇಡಿ. ಮೊದಲ ಭಾನುವಾರ ಅರಿಶಿನದ ಆಟ ಮತ್ತು ಸರದಿ, ಎರಡೇ. ಕೋಳಿ ದಿನ ನೀವೇ ಪಕ್ಕದಲ್ಲಿ ನಿಂತು, "ಅಕ್ಕಾ, ಇವತ್ತು ಸೌತೆಕಾಯಿ ಮೊದ್ಲು ಹೆಚ್ಚಿ ಫ್ರಿಜ್ಜಿಗೆ ಇಟ್ಬಿಡಣ, ಕೋಳಿ ಆಮೇಲೆ. ಅತ್ತೇಗೆ ವಯಸ್ಸಾಯ್ತಲ್ಲ, ಇನ್ನೊಂದ್ಸಲ ಹಂಗಾದ್ರೆ ತಡ್ಕಳಲ್ಲ" ಎಂದರೆ ಸಾಕು. ಕಾರಣ ಅತ್ತೆಯಾದರೆ ಆರೋಪ ಯಾರ ಮೇಲೂ ಇರುವುದಿಲ್ಲ. ಸಾರು ಬಗ್ಗಿಸಿಡುವುದು ಮುಂದಿನ ವಾರ. ಒಂದು ತಿಂಗಳು ಬಿಟ್ಟು, ಅವರು ಕೋಳಿ ಮಾಡುವಾಗ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ, ನಲ್ಲಿ, ಡಬ್ಬಿ, ಮಸಿಬಟ್ಟೆ ಮೂರನ್ನು ಮಾತ್ರ.

ಮತ್ತೆ ಹೀಗಾದರೆ ಅದೇ ದಿನ ಒಂದು ಚೀಟಿಯಲ್ಲಿ ಬರೆದಿಡಿ: ಯಾರು ಏನು ತಿಂದರು, ಎಷ್ಟು ಗಂಟೆಗೆ, ಎಷ್ಟು ಗಂಟೆಗೆ ಶುರುವಾಯಿತು, ಜ್ವರ ಇತ್ತೇ. ಅತ್ತೆಯ ವಯಸ್ಸಿನವರಿಗೆ ಮಲದಲ್ಲಿ ರಕ್ತ ಕಂಡರೆ, ಜ್ವರ ಇಳಿಯದಿದ್ದರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ ಕಾಯಬೇಡಿ, ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಿಸುವ ಮೊದಲು ಮಲದ ಕಲ್ಚರ್ ಪರೀಕ್ಷೆಗೆ ಸ್ಯಾಂಪಲ್ ಕೊಡಿ. ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಕ್ರಿಮಿ ಲ್ಯಾಬಿನಲ್ಲಿ ಬೆಳೆಯದೆ ಹೋಗಬಹುದು, ಆಗ ಅದು ಮಣೆಯಿಂದ ಬಂದದ್ದೋ ಪಾತ್ರೆಯಿಂದ ಬಂದದ್ದೋ ಎಂದು ನಾನೂ ಊಹೆಯ ಮೇಲೇ ಹೇಳಬೇಕಾಗುತ್ತದೆ.